ಮೌತ್‌ವಾಶ್ ಆದ ಮೇಲೆ ನೀರು ಮುಕ್ಕಳಿಸಬಾರದೇಕೆ? ಹೇಳಿದ ದಿನಕ್ಕೇ ನಿಲ್ಲಿಸಬೇಕೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ನಾಪೋಕ್ಲು ಹತ್ತಿರ. ಬ್ರಶ್ ಮಾಡುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತು ಅಂತ ಹಲ್ಲು ಕ್ಲೀನ್ ಮಾಡಿಸಿದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್, 150 ಎಂ.ಎಲ್. ಬಾಟಲಿ ಬರೆದುಕೊಟ್ಟು, ಬ್ರಶ್ ಆದ ಮೇಲೆ ಎರಡು ಹೊತ್ತು, ಹತ್ತು ದಿನ ಹಾಕಿಕೊಳ್ಳಿ, ಆಮೇಲೆ ತಕ್ಷಣ ನೀರು ಮುಕ್ಕಳಿಸಬೇಡಿ ಅಂದರು. ಕಹಿ ತಡೆಯಲಾಗದೆ ನಾನು ಮುಕ್ಕಳಿಸಿಬಿಡುತ್ತಿದ್ದೆ. ಹತ್ತು ದಿನ ಮುಗಿಯಿತು, ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ದುಡ್ಡು ಕೊಟ್ಟು ತಂದಿದ್ದಲ್ವಾ, ಖಾಲಿಯಾಗುವವರೆಗೆ ಮುಂದುವರಿಸಲಾ? ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಕಂದಾಗಿದೆ. ಸಾರಿಗೆ ಉಪ್ಪು ಹಾಕಿದ್ದೇ ಗೊತ್ತಾಗುವುದಿಲ್ಲ. ಇದೆಲ್ಲ ಅದರಿಂದಲೇ ಆಗಿದ್ದಾ?

ಉತ್ತರ: ಮುಂದುವರಿಸಬೇಡಿ, ಇವತ್ತೇ ನಿಲ್ಲಿಸಿ. ಕಂದು ಬಣ್ಣ, ಉಪ್ಪು ತಿಳಿಯದಿರುವುದು ಎರಡೂ ಬಹುಮಟ್ಟಿಗೆ ಆ ಔಷಧಿಯಿಂದಲೇ ಆದದ್ದು, ಎರಡೂ ಹೋಗುವಂಥವು. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಾಟಲಿಯಲ್ಲಿ ಉಳಿದಿರುವ ಆ ಅರ್ಧ. ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಲೆಕ್ಕ ಹಾಕೋಣ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಅನ್ನು ಒಂದು ಸಲಕ್ಕೆ 10 ಎಂ.ಎಲ್., ಅಂದರೆ ಎರಡು ಟೀ ಚಮಚದಷ್ಟು ತೆಗೆದುಕೊಂಡು ಒಂದು ನಿಮಿಷ ಬಾಯಲ್ಲಿ ಆಡಿಸಬೇಕು. ಎರಡು ಹೊತ್ತಿಗೆ 20 ಎಂ.ಎಲ್. ಆಯಿತು. ಆ ಲೆಕ್ಕದಲ್ಲಿ 150 ಎಂ.ಎಲ್. ಬಾಟಲಿ ಏಳೂವರೆ ದಿನಕ್ಕೆ ಖಾಲಿಯಾಗಬೇಕು. ಹತ್ತು ದಿನಕ್ಕೆ ಅದು ಸಾಲುವುದೇ ಇಲ್ಲ, ನೀವು ಇನ್ನೊಂದು ಬಾಟಲಿ ತರಬೇಕಿತ್ತು. ಅದರ ಬದಲು ನಿಮ್ಮಲ್ಲಿ 75 ಎಂ.ಎಲ್. ಉಳಿದಿದೆ. ಖರ್ಚಾದ 75 ಎಂ.ಎಲ್. ಅನ್ನು ಇಪ್ಪತ್ತು ಸಲಕ್ಕೆ ಹಂಚಿದರೆ ಸಲಕ್ಕೆ ನಾಲ್ಕು ಎಂ.ಎಲ್. ಕೂಡ ಇಲ್ಲ, ಒಂದು ಟೀ ಚಮಚಕ್ಕಿಂತ ಕಮ್ಮಿ. ಒಂದೋ ನೀವು ಅಷ್ಟು ಸ್ವಲ್ಪವೇ ಹಾಕಿಕೊಂಡಿದ್ದೀರಿ, ಇಲ್ಲವೇ ಮಧ್ಯೆ ಮಧ್ಯೆ ಬಿಟ್ಟಿದ್ದೀರಿ, ಇಲ್ಲವೇ ಕಹಿ ಅಂತ ನೀರು ಬೆರೆಸಿದ್ದೀರಿ. ಕೆಲವು ಕಂಪನಿಯವರು ಸಮ ನೀರು ಬೆರೆಸಿ ಬಳಸಿ ಎಂದು ಲೇಬಲ್ ಮೇಲೇ ಬರೆದಿರುತ್ತಾರೆ. ನಿಮ್ಮದು ಅಂಥದ್ದಾದರೆ ಸಲಕ್ಕೆ 5 ಎಂ.ಎಲ್. ಔಷಧಿಯಂತೆ ಹತ್ತು ದಿನಕ್ಕೆ 100 ಎಂ.ಎಲ್. ಖರ್ಚಾಗಿ 50 ಉಳಿಯಬೇಕಿತ್ತು. ಆಗಲೂ ನಿಮ್ಮ ಲೆಕ್ಕ ಕೂಡಿ ಬರುವುದಿಲ್ಲ.

ಇದನ್ನು ತಪ್ಪು ಹಿಡಿಯಲಿಕ್ಕೆ ಹೇಳುತ್ತಿಲ್ಲ. ನಾಲ್ಕು ಎಂ.ಎಲ್. ಬಾಯಿಗೆ ಹಾಕಿದರೆ ಅದು ನಾಲಿಗೆಯ ಮೇಲೆ ಹರಿದು ಮುಂದಿನ ಹಲ್ಲಿಗೆ ತಾಗುತ್ತದೆ, ಹಿಂದಿನ ದವಡೆ ಹಲ್ಲಿನ ಕೆನ್ನೆ ಕಡೆಯ ವಸಡಿಗೆ ಸರಿಯಾಗಿ ತಲುಪುವುದಿಲ್ಲ. ಅಂದರೆ ಕಹಿಯನ್ನು ಪೂರ್ತಿ ಅನುಭವಿಸಿದಿರಿ, ಕಲೆಯನ್ನೂ ಪಡೆದಿರಿ, ಪ್ರಯೋಜನ ಮಾತ್ರ ಅರ್ಧವೂ ಸಿಗಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಏಕೆಂದರೆ ಔಷಧಿ ಬರೆದುಕೊಡುವಾಗ ಅಳತೆಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ಗೆರೆ ತೋರಿಸುವ ಒಂದು ನಿಮಿಷವನ್ನು ನಾವು ವೈದ್ಯರು ಎಷ್ಟೋ ಸಲ ಉಳಿಸಿಬಿಡುತ್ತೇವೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಈ ಔಷಧಿಯ ಗುಣ ಇರುವುದೇ ಅಂಟಿಕೊಳ್ಳುವುದರಲ್ಲಿ. ಕ್ರಿಮಿ ಕೊಲ್ಲುವ ದ್ರವಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಉಗುಳಿದ ಮೇಲೆ ಬೇಗ ಜೊಲ್ಲಿನೊಂದಿಗೆ ಹೊರಟುಹೋಗುತ್ತವೆ. ಕ್ಲೋರ್‌ಹೆಕ್ಸಿಡಿನ್ ಕಣಕ್ಕೆ ಧನ ವಿದ್ಯುದಂಶ ಇದೆ. ಹಲ್ಲಿನ ಮೇಲಿನ ತೆಳು ಪೊರೆ, ಕೆನ್ನೆಯ ಒಳಚರ್ಮ, ಬ್ಯಾಕ್ಟೀರಿಯಾದ ಹೊರಗೋಡೆ, ಇವಕ್ಕೆಲ್ಲ ಇರುವುದು ಋಣ ಅಂಶ. ಹಾಗಾಗಿ ಅದು ಇವುಗಳ ಮೇಲೆ ಹೋಗಿ ಹಿಡಿದು ಕೂರುತ್ತದೆ. ನೀವು ಉಗುಳಿದ ಮೇಲೂ ಸುಮಾರು ಮೂರರಲ್ಲೊಂದು ಪಾಲು ಬಾಯಲ್ಲೇ ಉಳಿದು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತ ಹಲವು ಗಂಟೆ, ಹನ್ನೆರಡು ಗಂಟೆಯವರೆಗೂ, ಹೊಸ ಪಾಚಿ ಕಟ್ಟದಂತೆ ತಡೆಯುತ್ತದೆ. ದಿನಕ್ಕೆ ಎರಡೇ ಹೊತ್ತು ಸಾಕು ಅನ್ನುವುದು ಇದರಿಂದಲೇ.

ಬಾಳೆಕಾಯಿ ಹೆಚ್ಚುವಾಗ ಕೈಗೆ ಹಿಡಿಯುವ ಕರೆ ನೆನಪಿಸಿಕೊಳ್ಳಿ. ಹೆಚ್ಚಿದ ಕೂಡಲೇ ಕೈ ತೊಳೆದರೆ ಬಹುಪಾಲು ಹೋಗುತ್ತದೆ. ಒಣಗಲು ಬಿಟ್ಟರೆ ಹಿಡಿದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅದು ನಮಗೆ ಬೇಡದ ಕೆಲಸ, ಇಲ್ಲಿ ಅದೇ ಬೇಕಾದ ಕೆಲಸ. ಔಷಧಿ ಉಗುಳಿ ಕೂಡಲೇ ನೀರು ಮುಕ್ಕಳಿಸಿದರೆ, ಇನ್ನೂ ಸಡಿಲವಾಗಿ ಕೂತಿರುವ ಪಾಲನ್ನು ನೀವೇ ತೊಳೆದು ಬೇಸಿನ್‌ಗೆ ಕಳಿಸಿದಂತೆ. ಅರ್ಧ ಗಂಟೆಯಾದರೂ ನೀರು, ಕಾಫಿ, ಊಟ ಯಾವುದೂ ಬೇಡ ಅನ್ನುವುದು ಅದಕ್ಕೆ. ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಕಹಿಯ ಬಗ್ಗೆ ಒಂದು ಮಾತು. ಕಹಿ ಹೋಗಲಿ ಅಂತ ನೀರು ಮುಕ್ಕಳಿಸಿದರೆ ಅದು ಕಡಿಮೆಯಾಗುವ ಬದಲು ಬಾಯಿ ತುಂಬ ಹರಡಿದಂತಾಗುತ್ತದೆ. ನೀವು ಅದನ್ನು ಗಮನಿಸಿಯೇ ಇರುತ್ತೀರಿ. ಚೆನ್ನಾಗಿ ಎರಡು ಮೂರು ಸಲ ಉಗುಳಿ, ಬಾಯಿ ಮುಚ್ಚಿಕೊಂಡು ಏನಾದರೂ ಕೆಲಸಕ್ಕೆ ಹೋಗಿಬಿಟ್ಟರೆ ಕೆಲವು ನಿಮಿಷದಲ್ಲಿ ತಾನಾಗಿ ತಗ್ಗುತ್ತದೆ.

ಬ್ರಶ್ ಮತ್ತು ಔಷಧಿಯ ನಡುವಿನ ಹೊತ್ತಿನ ವಿಷಯ ನಿಮಗೆ ಯಾರೂ ಹೇಳಿದಂತೆ ಕಾಣುವುದಿಲ್ಲ, ಆದರೆ ನೀರಿನಷ್ಟೇ ಮುಖ್ಯವಾದದ್ದು ಇದು. ಪೇಸ್ಟಿನಲ್ಲಿ ನೊರೆ ಬರಲಿಕ್ಕೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಅನ್ನುವ ವಸ್ತುವಿಗೆ ಋಣ ಅಂಶ ಇದೆ. ಅದು ಬಾಯಲ್ಲಿ ಉಳಿದಿರುವಾಗಲೇ ಕ್ಲೋರ್‌ಹೆಕ್ಸಿಡಿನ್ ಹಾಕಿದರೆ ಔಷಧಿ ಹಲ್ಲಿಗೆ ಅಂಟುವ ಬದಲು ನೊರೆಗೇ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಬ್ರಶ್ ಆದ ಮೇಲೆ ಅಂದರೆ ಬ್ರಶ್ ಆದ ಕೂಡಲೇ ಎಂದು ಹೆಚ್ಚಿನವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಬ್ರಶ್ ಮಾಡಿ, ಆಗ ಬೇಕಾದಷ್ಟು ನೀರು ಮುಕ್ಕಳಿಸಿ ಪೇಸ್ಟನ್ನು ಪೂರ್ತಿ ತೆಗೆಯಿರಿ, ಆಮೇಲೆ ಅರ್ಧ ಗಂಟೆ ಬಿಟ್ಟು ಔಷಧಿ. ನೀರು ಮುಕ್ಕಳಿಸುವುದು ಔಷಧಿಗೆ ಮೊದಲು, ಔಷಧಿ ಆದ ಮೇಲೆ ಅಲ್ಲ. ಮಾಮೂಲಿ ದಿನಗಳಲ್ಲಿ ನಾನು ಎಲ್ಲರಿಗೂ ಹೇಳುವುದು ಬೇರೆ: ಫ್ಲೋರೈಡ್ ಪೇಸ್ಟ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಲಿ, ಉಗುಳಿ ಬಿಡಿ, ನೀರು ಹಾಕಿ ತೊಳೆಯಬೇಡಿ ಎಂದು. ಈ ಔಷಧಿಯ ಕೆಲವು ದಿನ ಮಾತ್ರ ಆ ಮಾತನ್ನು ಬದಿಗಿಡಬೇಕು.

ಹಾಗಾದರೆ ಮೊದಲೇ ಮೌತ್‌ವಾಶ್ ಹಾಕಿ ಆಮೇಲೆ ಬ್ರಶ್ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಮಾಡಿದರೆ ಪೇಸ್ಟಿನ ನೊರೆ ಬಂದು ಅಂಟಿದ್ದನ್ನು ಕೆಡಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಲ್ಲಿನ ಮೇಲೆ ದಪ್ಪವಾಗಿ ಕೂತ ಪಾಚಿಯ ಒಳಗೆ ಈ ಔಷಧಿ ಇಳಿಯುವುದಿಲ್ಲ, ಮೇಲ್ಪದರವನ್ನು ಮುಟ್ಟಿ ನಿಲ್ಲುತ್ತದೆ. ಇದರ ಶಕ್ತಿಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು 1970ರಲ್ಲಿ ಹೆರಾಲ್ಡ್ ಲೋ ಮತ್ತು ಶಿಯೊಟ್ ಪ್ರಕಟಿಸಿದ ಪ್ರಯೋಗ. ಅದರಲ್ಲಿ ಪಾಲ್ಗೊಂಡವರು ಸುಮಾರು ಮೂರು ವಾರ ಬ್ರಶ್ ಮುಟ್ಟದೆ, ದಿನಕ್ಕೆರಡು ಸಲ 0.2 ಶೇಕಡಾ ದ್ರಾವಣ 10 ಎಂ.ಎಲ್. ಮುಕ್ಕಳಿಸಿದ್ದಕ್ಕೇ ಪಾಚಿ ಕಟ್ಟಲಿಲ್ಲ. ಕೇಳಿದವರಿಗೆ ಬ್ರಶ್ಶೇ ಬೇಡ ಅನ್ನಿಸಬಹುದು. ಆದರೆ ಅವರು ಶುರು ಮಾಡಿದ್ದು ಹಲ್ಲು ಶುಭ್ರವಾಗಿದ್ದಾಗ. ಶುಭ್ರವಾದ ಹಲ್ಲನ್ನು ಕಾಯುವುದು ಈ ಔಷಧಿಗೆ ಗೊತ್ತು, ಕೊಳೆ ಕೂತ ಹಲ್ಲನ್ನು ಶುಭ್ರ ಮಾಡುವುದು ಗೊತ್ತಿಲ್ಲ. ನಿಮಗೆ ಕ್ಲೀನಿಂಗ್ ಆದ ಮೇಲೆ ಬರೆದುಕೊಟ್ಟದ್ದು ಸರಿಯಾಗಿಯೇ ಇದೆ.

ಇನ್ನು ಕಂದು ಬಣ್ಣ. ಅದೂ ಇದೇ ಅಂಟುವ ಗುಣದ ಇನ್ನೊಂದು ಮುಖ. ಹಲ್ಲಿಗೆ ಹಿಡಿದು ಕೂತ ಔಷಧಿ ಕಾಫಿ, ಟೀಯಲ್ಲಿರುವ ಒಗರಿನ ಅಂಶಗಳನ್ನೂ ಹಿಡಿದುಕೊಳ್ಳುತ್ತದೆ. ಕಲೆ ಬರುವುದಕ್ಕೆ ವೈದ್ಯಲೋಕ ಹೆಚ್ಚಾಗಿ ಒಪ್ಪಿರುವ ವಿವರಣೆ ಇದೇ. ನಮ್ಮ ಜಿಲ್ಲೆಯಲ್ಲಿ ಎದ್ದ ಕೂಡಲೇ ಒಂದು ಕಾಫಿ, ತಿಂಡಿಗೊಂದು, ಹತ್ತು ಗಂಟೆಗೊಂದು, ಸಂಜೆ ಬೆಲ್ಲದ ಕರಿ ಕಾಫಿ. ಜೊತೆಗೆ ಎಲೆ ಅಡಿಕೆಯ ಅಭ್ಯಾಸವಿದ್ದರೆ ಹೇಳುವುದೇ ಬೇಡ. ಬೇರೆ ಊರಿನಲ್ಲಿ ಎರಡು ವಾರಕ್ಕೆ ಕಾಣುವ ಕಲೆ ಇಲ್ಲಿ ಕೆಲವರಿಗೆ ಒಂದೇ ವಾರಕ್ಕೆ ಕಾಣುವುದನ್ನು ನಾನು ನೋಡಿದ್ದೇನೆ. ಕಾಫಿ ಬಿಡಿ ಎಂದು ಕೊಡಗಿನಲ್ಲಿ ಕೂತು ಹೇಳುವುದರಲ್ಲಿ ಅರ್ಥವಿಲ್ಲ, ಹೊತ್ತು ಬದಲಾಯಿಸಿ ಎಂದು ಹೇಳುತ್ತೇನೆ.

ಮುಂದೆ ಯಾವತ್ತಾದರೂ ಮತ್ತೆ ಇದೇ ಔಷಧಿ ಬರೆದುಕೊಟ್ಟರೆ ಹೀಗೆ ಮಾಡಿ. ಬೆಳಿಗ್ಗೆ ಕಾಫಿ, ಅಕ್ಕಿ ರೊಟ್ಟಿ ಎಲ್ಲ ಮೊದಲು ಮುಗಿಸಿ. ಆಮೇಲೆ ಬ್ರಶ್, ನೀರಿನಿಂದ ಚೆನ್ನಾಗಿ ಮುಕ್ಕಳಿಸುವುದು. ಅರ್ಧ ಗಂಟೆ ಮನೆಕೆಲಸ ನೋಡಿಕೊಳ್ಳಿ. ನಂತರ ಅಳತೆ ಮುಚ್ಚಳದಲ್ಲಿ 10 ಎಂ.ಎಲ್. ತೆಗೆದುಕೊಂಡು ಗಡಿಯಾರ ನೋಡಿ ಒಂದು ನಿಮಿಷ ಎಡ ಬಲ ಕೆನ್ನೆಗಳಿಗೆ, ಹಿಂದಿನ ಹಲ್ಲಿನವರೆಗೆ ಆಡಿಸಿ, ಗಂಟಲಿಗೆ ಇಳಿಯದಂತೆ ಉಗುಳಿ. ತಲೆ ಹಿಂದಕ್ಕೆ ವಾಲಿಸಿ ಗುಳುಗುಳು ಮಾಡುವುದು ಇದಕ್ಕಲ್ಲ. ಹತ್ತು ಗಂಟೆಯ ಕಾಫಿಯ ಹೊತ್ತಿಗೆ ಒಂದು ಗಂಟೆಯಾದರೂ ಕಳೆದಿರುತ್ತದೆ. ಕೊಯ್ಲಿನ ಸಮಯದಲ್ಲಿ ಬೇಗ ತೋಟಕ್ಕೆ ಹೋಗಬೇಕಾದವರಿಗೆ ಈ ಅರ್ಧ ಗಂಟೆ ಕಷ್ಟ, ಗೊತ್ತು. ಅಂಥವರಿಗೆ ನಾನು ಬೆಳಗಿನ ಸಲವನ್ನು ಮಧ್ಯಾಹ್ನ ಊಟವಾಗಿ ಬಾಯಿ ತೊಳೆದ ಮೇಲೆ ಹಾಕಿಕೊಳ್ಳಲು ಹೇಳುವುದುಂಟು. ಆ ಹೊತ್ತಿಗೆ ಪೇಸ್ಟಿನ ಪ್ರಶ್ನೆಯೇ ಇರುವುದಿಲ್ಲ. ರಾತ್ರಿಯ ಸಲ ಎಲ್ಲರಿಗೂ ಸುಲಭ: ಊಟ, ಬ್ರಶ್, ನೀರು, ಅರ್ಧ ಗಂಟೆ, ಔಷಧಿ, ನಿದ್ದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಇರುವುದರಿಂದ ಔಷಧಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬೆಳಿಗ್ಗೆಯವರೆಗೆ ಕಾಫಿಯೂ ಇಲ್ಲ. ಒಂದು ಸಲವೇ ಸಾಧ್ಯ ಅನ್ನುವ ದಿನ ಬಂದರೆ ರಾತ್ರಿಯದನ್ನು ಬಿಡಬೇಡಿ.

ದಿನದ ಮಿತಿಯ ಬಗ್ಗೆ ಹೇಳುವಾಗ ನನಗೆ ಒಬ್ಬ ರೋಗಿ ನೆನಪಾಗುತ್ತಾರೆ. ಸಿದ್ದಾಪುರ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಐವತ್ತರ ಹತ್ತಿರದ ವಯಸ್ಸು. ವಸಡಿನ ತೊಂದರೆಗೆ ಯಾವತ್ತೋ ಎರಡು ವಾರಕ್ಕೆ ಬರೆದುಕೊಟ್ಟಿದ್ದ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ತೋರಿಸಿ ಬಾಟಲಿ ಮೇಲೆ ಬಾಟಲಿ ತಂದು ನಾಲ್ಕು ತಿಂಗಳು ಬಳಸಿದ್ದರು. ನನ್ನ ಬಳಿ ಬಂದದ್ದು ಹಲ್ಲು ಕಪ್ಪಾಗಿದೆ ಅಂತ, ಕಾಫಿಯಿಂದ ಇರಬೇಕು ಅಂತ. ಕನ್ನಡಿಯಲ್ಲಿ ತೋರಿಸಿದೆ. ಕಲೆ ಹಲ್ಲಿನ ಮೇಲೆಲ್ಲ ಒಂದೇ ಸಮನಾಗಿರಲಿಲ್ಲ, ವಸಡಿನ ಅಂಚಿಗೆ ಗೆರೆ ಎಳೆದಂತೆ, ಎರಡು ಹಲ್ಲಿನ ಸಂದಿಯಲ್ಲಿ, ನಾಲಿಗೆಯ ಹಿಂಭಾಗದಲ್ಲಿ ಇತ್ತು. ಹಲ್ಲಿನ ಬಣ್ಣದ ಹಳೆಯ ಫಿಲ್ಲಿಂಗಿನ ಅಂಚು ಪೆನ್ಸಿಲಿನಿಂದ ಗುರುತು ಮಾಡಿದಂತೆ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಅವರ ಮನೆಯವರು, ಡಾಕ್ಟ್ರೇ, ಮೂರು ತಿಂಗಳಿಂದ ಇವರು ಸಾರಿಗೆ ಉಪ್ಪಿಲ್ಲ ಅಂತ ಜಗಳ, ಮೇಲೆ ಮೇಲೆ ಹಾಕಿಕೊಳ್ಳುತ್ತಾರೆ, ಬಿ.ಪಿ. ಬೇರೆ ಇದೆ ಅಂದರು. ಆ ಮಾತು ಬರದಿದ್ದರೆ ನಾನು ಕೇಳುತ್ತಲೂ ಇರಲಿಲ್ಲವೇನೋ. ಈ ಔಷಧಿ ಮುಖ್ಯವಾಗಿ ಕುಂದಿಸುವುದು ಉಪ್ಪಿನ ರುಚಿಯನ್ನು. ಸಾರು ಮೊದಲಿನಂತೆಯೇ ಇತ್ತು, ಗುರುತಿಸುವ ನಾಲಿಗೆ ಮಂಕಾಗಿತ್ತು. ಅಂದಿನಿಂದ ಬಿ.ಪಿ. ಇರುವ ಯಾರಿಗೇ ಇದನ್ನು ಬರೆದರೂ, ಅಡುಗೆಗೆ ಉಪ್ಪು ಹಾಕುವುದನ್ನು ಮನೆಯ ಬೇರೆಯವರ ನಾಲಿಗೆಗೆ ಬಿಡಿ ಎಂದು ಹೇಳಿಯೇ ಕಳಿಸುತ್ತೇನೆ.

ಅದಕ್ಕಿಂತ ಗಂಭೀರವಾದದ್ದು ವಸಡಿನ ಕೆಳಗಿತ್ತು. ಅಳತೆಯ ಕಡ್ಡಿ ಇಟ್ಟು ನೋಡಿದರೆ ಹಿಂದಿನ ಹಲ್ಲುಗಳ ಸುತ್ತ 6 ಮಿ.ಮೀ. ಆಳಕ್ಕೆ ಇಳಿಯಿತು. ಆರೋಗ್ಯವಾದ ವಸಡಿನಲ್ಲಿ ಅದು 3ಕ್ಕಿಂತ ಹೆಚ್ಚು ಇಳಿಯಬಾರದು. ಆ ಸಂದಿನೊಳಗೆ ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಗಾರೆ ಕಟ್ಟಿತ್ತು. ಬಾಯಿ ಮುಕ್ಕಳಿಸುವ ಯಾವ ಔಷಧಿಯೂ ಅಷ್ಟು ಕೆಳಗೆ ಹೋಗುವುದಿಲ್ಲ. ವಸಡಿನ ಮೇಲಂಚು ಮಾತ್ರ ಸ್ವಲ್ಪ ವಾಸಿಯಾದಂತೆ ಕಂಡು, ಅವರು ಔಷಧಿ ಕೆಲಸ ಮಾಡುತ್ತಿದೆ ಎಂದು ನಂಬಿದ್ದರು. ಬ್ರಶ್ ಮಾಡುವುದನ್ನೂ ಅವಸರಕ್ಕೆ ಇಳಿಸಿದ್ದರು. ಸಾಲದ್ದಕ್ಕೆ, ಹೆಚ್ಚು ದಿನ ಬಳಸಿದಾಗ ವಸಡಿನ ಮೇಲ್ಭಾಗದಲ್ಲಿ ಗಾರೆ ಹೆಚ್ಚು ಕಟ್ಟುವುದೂ ಈ ಔಷಧಿಯ ಗುಣ. ಕಲೆಯನ್ನು ಪಾಲಿಶ್ ಮಾಡಿ ಅರ್ಧ ಗಂಟೆಯಲ್ಲಿ ತೆಗೆದೆ, ಫಿಲ್ಲಿಂಗಿನ ಅಂಚಿನದು ಪೂರ್ತಿ ಹೋಗಲಿಲ್ಲ. ಔಷಧಿ ಬಿಟ್ಟ ಕೆಲವು ದಿನಕ್ಕೇ ಉಪ್ಪಿನ ರುಚಿ ಮರಳಿತು. ವಸಡಿನ ಕೆಳಗಿನ ಚಿಕಿತ್ಸೆಗೆ ಮಾತ್ರ ಹಲವು ಸಲ ಓಡಾಡಬೇಕಾಯಿತು, ಒಂದು ದವಡೆ ಹಲ್ಲು ಉಳಿಯಲಿಲ್ಲ. ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಅದು ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಒಂದು ವಾರ, ಹತ್ತು ದಿನ, ಹೆಚ್ಚೆಂದರೆ ಎರಡು ವಾರ ಎಂದು ನಾವು ಬರೆಯುವುದಕ್ಕೆ ಇದೇ ಕಾರಣ. ಕ್ಲೀನಿಂಗ್ ಅಥವಾ ವಸಡಿನ ಆಪರೇಷನ್ ಆದ ಮೇಲೆ ಬ್ರಶ್ ತಾಗಿಸಲು ನೋವಾಗುವ ದಿನಗಳನ್ನು ದಾಟಿಸುವ ಊರುಗೋಲು ಇದು. ಬ್ರಶ್ ಸರಿಯಾಗಿ ಆಡಿಸಲು ಬಂದ ಮೇಲೆ ಅದರ ಕೆಲಸ ಮುಗಿಯಿತು. ವೈದ್ಯರು ನೋಡಿ ಬೇರೆ ಹೇಳದ ಹೊರತು ನಾಲ್ಕು ವಾರ ದಾಟಿಸಲೇಬಾರದು. ದಿನ ಮುಗಿಯುವ ಮೊದಲೇ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಬಾಯಿ ಉರಿದು ಒಳಚರ್ಮ ಬಿಳಿ ಸಿಪ್ಪೆಯಂತೆ ಎದ್ದರೆ, ಕಿವಿಯ ಕೆಳಗೆ ಊದಿಕೊಂಡರೆ ನಿಲ್ಲಿಸಿ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಮೈಮೇಲೆ ದದ್ದು ಎದ್ದು ತುಟಿ, ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಫೋನಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಇದು ಅಪರೂಪ, ಆದರೆ ಆಗುವುದುಂಟು. ಹಲ್ಲು ಕೀಳಿಸಿಕೊಂಡವರು ಮೊದಲ 24 ಗಂಟೆ ಇದನ್ನಾಗಲಿ ನೀರನ್ನಾಗಲಿ ಜೋರಾಗಿ ಮುಕ್ಕಳಿಸಬಾರದು, ಗಾಯದಲ್ಲಿ ಕಟ್ಟಿದ ರಕ್ತದ ಹೆಪ್ಪು ಎದ್ದುಬಂದರೆ ನೋವು ಶುರುವಾಗುತ್ತದೆ.

ನಿಮ್ಮ ಹಲ್ಲಿನ ಒಳಬದಿಯ ಕಂದನ್ನು ನೀವೇ ಉಜ್ಜಿ ತೆಗೆಯಲು ಹೋಗಬೇಡಿ. ಉಪ್ಪು, ನಿಂಬೆ, ಇದ್ದಿಲ ಪುಡಿ, ಸೋಡಾ ಎಲ್ಲವನ್ನೂ ಜನ ಪ್ರಯೋಗ ಮಾಡಿ ಬರುತ್ತಾರೆ. ಕಲೆ ಹೋಗುವ ಮೊದಲು ಹಲ್ಲು ಸವೆದು ತಣ್ಣೀರು ತಾಗಿದರೆ ಜುಂ ಎನ್ನಲು ಶುರುವಾಗುತ್ತದೆ. ಕ್ಲೀನ್ ಮಾಡಿಸಿದಲ್ಲೇ ಹೋಗಿ ಪಾಲಿಶ್ ಮಾಡಿಸಿಕೊಳ್ಳಿ. ನಾಲಿಗೆ ತಾಗಿಸಿದಾಗ ಅಲ್ಲಿ ಉಬ್ಬು ಅಥವಾ ಹರಳಿನಂತೆ ಒರಟು ಸಿಕ್ಕರೆ ಅದು ಕಲೆ ಮಾತ್ರವಲ್ಲ, ಗಾರೆ ಮತ್ತೆ ಕಟ್ಟುತ್ತಿದೆ. ಗುಳಿ ಸಿಕ್ಕರೆ, ಸಿಹಿ ತಾಗಿದಾಗ ನೋವಾದರೆ ಹುಳುಕು ಇರಬಹುದು. ಬರೀ ಕಲೆಯಾದರೆ ನಾಲಿಗೆಗೆ ಹೆಚ್ಚೇನೂ ತಿಳಿಯುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ.

ಉಳಿದ ಬಾಟಲಿಯನ್ನು ಗಂಟಲು ನೋವಿಗೆ, ಮಕ್ಕಳ ಬಾಯಿಹುಣ್ಣಿಗೆ ಎಂದು ಎತ್ತಿಡಬೇಡಿ. ನುಂಗದೆ ಉಗುಳಲು ಬಾರದ ಮಕ್ಕಳ ಕೈಗೆ ಅದು ಸಿಗಲೇಬಾರದು. ಪಾಲಿಶ್‌ಗೆ ಹೋಗುವಾಗ ಅದನ್ನೂ ಅಳತೆ ಮುಚ್ಚಳವನ್ನೂ ಕೈಯಲ್ಲಿ ತೆಗೆದುಕೊಂಡು ಹೋಗಿ, ಎಷ್ಟು ಉಳಿದಿದೆ ಎಂದು ತೋರಿಸಿ, ತಕ್ಷಣ ನೀರು ಮುಕ್ಕಳಿಸುತ್ತಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಈಗಲೂ ಬ್ರಶ್ ಮಾಡುವಾಗ ರಕ್ತ ಬರುತ್ತಿದೆಯೇ ಎಂದು ನೀವು ಬರೆದಿಲ್ಲ. ಮೃದು ಬ್ರಶ್ಶಿನಿಂದ ವಸಡಿನ ಅಂಚನ್ನು ದಿನಕ್ಕೆರಡು ಸಲ ಸರಿಯಾಗಿ ಶುಭ್ರ ಮಾಡಿದರೆ ಮಾಮೂಲಿ ವಸಡು ಊತದ ರಕ್ತ ಎರಡು ವಾರದೊಳಗೆ ತಗ್ಗಬೇಕು. ತಗ್ಗದಿದ್ದರೆ ಕಡ್ಡಿ ಇಟ್ಟು ವಸಡಿನ ಆಳ ಅಳೆಯಿರಿ ಎಂದು ನೀವೇ ಕೇಳಿ, ಒಂದು ಸಲ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಆಮೇಲೆ ಮತ್ತೆ ಮೌತ್‌ವಾಶ್ ಬೇಕೋ ಬೇಡವೋ, ಬೇಕಾದರೆ ಎಷ್ಟು ದಿನ ಅನ್ನುವುದನ್ನು ಆ ಅಳತೆ ನೋಡಿದವರು ಬರೆದುಕೊಡಲಿ.